ನಿದ್ದೆ ನೆನಪನ್ನು ಕಾಯುವುದೇ, ಕಟ್ಟುವುದೇ?

ರಾತ್ರಿ ಓದಿ ಮಲಗಿದ ಪಾಠವು ಬೆಳಗಾಗುವಾಗ ಚೆನ್ನಾಗಿ ನೆನಪಿರುವುದೆಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತಿಗೆ ಆಧಾರವೆಂದು ಮನಶ್ಶಾಸ್ತ್ರದ ಗ್ರಂಥಗಳು ತಪ್ಪದೆ ಹೆಸರಿಸುವ ಹಳೆಯ ಲೇಖನವೊಂದಿದೆ. ಸ್ನಾತಕೋತ್ತರ ತರಗತಿಯ ವಿಚಾರಗೋಷ್ಠಿಗಳಲ್ಲಿ ಇಂತಹ ಲೇಖನವನ್ನು ವಿದ್ಯಾರ್ಥಿಯ ಕೈಗೆ ಕೊಟ್ಟು ವಿಮರ್ಶಿಸುವಂತೆ ಹೇಳುವುದುಂಟು. ಸಾರಾಂಶವನ್ನು ಬರೆದು ತಂದರೆ ಅಲ್ಲಿ ಸಾಲದು. ಲೇಖಕರು ನಿಜವಾಗಿ ಅಳೆದುದೇನು, ಆ ಅಳತೆಯ ಬಲದಿಂದ ಎಷ್ಟನ್ನು ಹೇಳಬಹುದು, ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುವುದು. ಆ ಗೋಷ್ಠಿಯಲ್ಲಿ ಕುಳಿತವರಂತೆ ನಾವೂ ಈ ಲೇಖನವನ್ನು ಪರೀಕ್ಷಿಸಿ ನೋಡೋಣ.

ಕಥೆಯು ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸನಿಂದ ಆರಂಭವಾಗುವುದು. ಅವನು ಅರ್ಥವಿಲ್ಲದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ಬೇರೆಬೇರೆ ಅವಧಿಗಳ ನಂತರ ಅವನ್ನು ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕಿದನು. 1885ರಲ್ಲಿ ಅವನು ಪ್ರಕಟಿಸಿದ ಅಂಕಿಗಳಂತೆ, ಸುಮಾರು 9 ಗಂಟೆಗಳ ನಂತರದ ಉಳಿತಾಯ ಶೇಕಡಾ 35.8; 24 ಗಂಟೆಗಳ ನಂತರ ಶೇಕಡಾ 33.7. ಹದಿನೈದು ಗಂಟೆಗಳಲ್ಲಿ ನಷ್ಟವಾದುದು ಕೇವಲ ಎರಡು ಭಾಗ! ಆದರೆ ಮರುದಿನದ 24 ಗಂಟೆಗಳಲ್ಲಿ ಆರು ಭಾಗ ನಷ್ಟವಾಯಿತು. ಮೊದಲ ಅವಧಿಯ ಬಹುಭಾಗ ರಾತ್ರಿಯಾಗಿತ್ತು. ಮರೆವು ರಾತ್ರಿಯ ಹೊತ್ತು ನಿಧಾನವಾಗುವುದೇ ಎಂಬ ಸಂದೇಹ ಇಲ್ಲಿ ಹುಟ್ಟುವುದು.

ಈ ಸಂದೇಹವನ್ನು ನೇರವಾಗಿ ಪರೀಕ್ಷಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್. ಅವರ ಲೇಖನವು 1924ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಸೈಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಯೋಗಕ್ಕೆ ಒಳಪಟ್ಟವರು ಇಬ್ಬರು ವಿದ್ಯಾರ್ಥಿಗಳು. ಅವರು ಪ್ರಯೋಗಶಾಲೆಯಲ್ಲಿಯೇ ಮಲಗುತ್ತಿದ್ದರು. ಹತ್ತು ಅಕ್ಷರಪುಂಜಗಳ ಒಂದು ಪಟ್ಟಿಯನ್ನು, ಒಮ್ಮೆ ತಪ್ಪಿಲ್ಲದೆ ಒಪ್ಪಿಸುವವರೆಗೆ, ಅವರು ಕಲಿಯಬೇಕಾಗಿತ್ತು. ಕೆಲವು ಪಟ್ಟಿಗಳನ್ನು ಬೆಳಿಗ್ಗೆ ಕಲಿತು ದಿನದ ಕೆಲಸಗಳಿಗೆ ಹೋಗುತ್ತಿದ್ದರು. ಕೆಲವನ್ನು ರಾತ್ರಿ ಕಲಿತು ಒಡನೆಯೇ ಮಲಗುತ್ತಿದ್ದರು. 1, 2, 4 ಅಥವಾ 8 ಗಂಟೆಗಳ ನಂತರ ಅವರನ್ನು ಕರೆದು, ನಿದ್ದೆಯಲ್ಲಿದ್ದರೆ ಎಬ್ಬಿಸಿ, ಪಟ್ಟಿಯನ್ನು ಕೇಳಲಾಗುತ್ತಿತ್ತು.

ಫಲಿತಾಂಶವು ಕಣ್ಣಿಗೆ ಕಟ್ಟುವಂತಿದೆ. ಒಂದು ಗಂಟೆಯ ನಂತರ ಮಲಗಿದವರಿಗೆ ಹತ್ತರಲ್ಲಿ ಸುಮಾರು ಏಳು ನೆನಪಿದ್ದರೆ, ಎಚ್ಚರವಾಗಿದ್ದವರಿಗೆ ನಾಲ್ಕೈದು ಮಾತ್ರ. ಎಂಟು ಗಂಟೆಗಳ ನಂತರ ಎಚ್ಚರವಾಗಿದ್ದವರಲ್ಲಿ ಉಳಿದುದು ಹೆಚ್ಚುಕಡಿಮೆ ಒಂದೇ. ಮಲಗಿದವರಲ್ಲಿ ಐದಕ್ಕಿಂತ ಹೆಚ್ಚು. ಇನ್ನೂ ವಿಚಿತ್ರವಾದ ಸಂಗತಿಯೆಂದರೆ, ನಿದ್ದೆಯ ಎರಡನೆಯ ಗಂಟೆಯಿಂದ ಎಂಟನೆಯ ಗಂಟೆಯವರೆಗೆ ಬಹುಮಟ್ಟಿಗೆ ಏನೂ ನಷ್ಟವಾಗಲಿಲ್ಲ.

ಇದರಿಂದ ಲೇಖಕರು ತೆಗೆದ ತೀರ್ಮಾನವೇನು? ಕಾಲ ಕಳೆದಂತೆ ನೆನಪು ತಾನಾಗಿ ಸವೆಯುವುದಿಲ್ಲ; ಎಚ್ಚರದ ವೇಳೆಯ ಹೊಸ ಅನುಭವಗಳು ಹಳೆಯದಕ್ಕೆ ಅಡ್ಡಿಯಾಗುವುದರಿಂದ ಮರೆವು ಉಂಟಾಗುವುದು, ಎಂದು. ನಿದ್ದೆಯು ನೆನಪನ್ನು ಬಲಪಡಿಸುವುದೆಂಬ ವಾದ ಈ ಲೇಖನದ ತಿರುಳಲ್ಲ. ಇಲ್ಲಿ ನಿದ್ದೆಯ ಪಾತ್ರವು ಮಳೆಯಿಂದ ಗೋಡೆಯನ್ನು ಕಾಯುವ ಮಾಡಿನಂತಹುದು. ಮಾಡು ಗೋಡೆಯನ್ನು ಗಟ್ಟಿಮಾಡದು. ನಿದ್ದೆಯಲ್ಲಿ ನೆನಪು ದೃಢವಾಗುವುದೆಂಬುದಕ್ಕೆ ಈ ಲೇಖನವನ್ನೇ ಸಾಕ್ಷಿಯಾಗಿ ಕರೆತರುವವರು ಲೇಖಕರು ಹೇಳದ ಮಾತನ್ನು ಅವರ ಬಾಯಲ್ಲಿ ಇಡುವರು. ವಿಮರ್ಶಕನು ಗುರುತಿಸಬೇಕಾದ ಮೊದಲನೆಯ ಅಂಶವಿದು.

ಎರಡನೆಯದು ಪ್ರಯೋಗದ ರಚನೆಗೆ ಸಂಬಂಧಿಸಿದುದು. ಒಬ್ಬನೇ ವ್ಯಕ್ತಿ ಎರಡೂ ಸ್ಥಿತಿಗಳಲ್ಲಿ ಪರೀಕ್ಷೆಗೆ ಒಳಗಾದುದು ಇದರ ಗುಣ; ಜ್ಞಾಪಕಶಕ್ತಿಯಲ್ಲಿ ವ್ಯಕ್ತಿವ್ಯಕ್ತಿಗೆ ಇರುವ ಭೇದ ಲೆಕ್ಕವನ್ನು ಕೆಡಿಸಲಿಲ್ಲ. ಆದರೆ ನಿದ್ದೆಯ ಪಾಠಗಳೆಲ್ಲವೂ ರಾತ್ರಿ ಕಲಿತವು, ಎಚ್ಚರದ ಪಾಠಗಳೆಲ್ಲವೂ ಬೆಳಿಗ್ಗೆ ಕಲಿತವು. ಕಲಿಯುವ ಮತ್ತು ಒಪ್ಪಿಸುವ ಹೊತ್ತೇ ವ್ಯತ್ಯಾಸಕ್ಕೆ ಕಾರಣವಾಗಿರಬಾರದೇಕೆ? ಎರಡು ಕಾರಣಗಳು ಸದಾ ಜೊತೆಯಾಗಿ ಬಂದರೆ ಫಲವು ಯಾವುದರದೆಂದು ಹೇಳಲಾಗದು. ಇದರ ಮೇಲೆ, ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ವಿಧಾನವನ್ನು ಹಾನ್ಸ್ ಬರ್ಗರ್ ಪ್ರಕಟಿಸಿದುದು 1929ರಲ್ಲಿ. ಆದುದರಿಂದ 1924ರ ಲೇಖನದಲ್ಲಿ 'ಎಂಟು ಗಂಟೆಗಳ ನಿದ್ದೆ' ಎಂದರೆ ಹಾಸಿಗೆಯಲ್ಲಿ ಕಳೆದ ಎಂಟು ಗಂಟೆಗಳೆಂದೇ ತಿಳಿಯಬೇಕು.

ಹಾಗಾದರೆ ಕಾಯುವುದನ್ನೂ ಕಟ್ಟುವುದನ್ನೂ ಬೇರ್ಪಡಿಸುವುದು ಹೇಗೆ? ಎಲೆನ್‌ಬೋಗನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಜಾಣ ಉಪಾಯವಿದೆ. ಮಾಡು ಗೋಡೆಯನ್ನು ಕಾಯುವುದಷ್ಟೇ ಆದರೆ, ಮಾಡನ್ನು ತೆಗೆದ ಮೇಲೆ ಬರುವ ಮಳೆಗೆ ಎರಡೂ ಗೋಡೆಗಳು ಒಂದೇ ಸಮನಾಗಿ ಕರಗಬೇಕು. ಅಂತೆಯೇ ಅವರು ಪದಗಳ ಜೋಡಿಗಳನ್ನು ಕಲಿಸಿ, ಒಂದು ಗುಂಪಿಗೆ ರಾತ್ರಿಯ, ಮತ್ತೊಂದಕ್ಕೆ ಹಗಲಿನ 12 ಗಂಟೆಗಳನ್ನು ಕಳೆಯಲು ಬಿಟ್ಟರು. ಕೊನೆಯಲ್ಲಿ, ಪರೀಕ್ಷೆಗೆ ಸ್ವಲ್ಪ ಮೊದಲು, ಅದೇ ಮೊದಲ ಪದಗಳಿಗೆ ಹೊಸ ಜೊತೆಗಳನ್ನು ಕಲಿಸಿ ಬೇಕೆಂದೇ ಅಡ್ಡಿಯನ್ನು ಒಡ್ಡಿದರು. ಅಡ್ಡಿಯಿಲ್ಲದಾಗ ಮಲಗಿದವರು ಶೇಕಡಾ 94, ಎಚ್ಚರವಾಗಿದ್ದವರು ಶೇಕಡಾ 82 ನೆನೆದರು. ಅಡ್ಡಿಯ ನಂತರ ಆ ಅಂಕಿಗಳು 76 ಮತ್ತು 32 ಆದವು. ಮಲಗಿದವರ ನೆನಪು ನಿದ್ದೆ ಮುಗಿದ ಮೇಲೂ ಪೆಟ್ಟನ್ನು ತಡೆದುಕೊಂಡಿತು. ಆದುದರಿಂದ ನಿದ್ದೆಯಲ್ಲಿ ಅದು ಗಟ್ಟಿಯಾಗಿರಬೇಕೆಂದು ಅವರು ವಾದಿಸಿದರು. ರಾತ್ರಿ ಕಲಿತು, ಮಲಗಿ, ಮರುದಿನದ ಹಗಲನ್ನೂ ಕಳೆದು, ರಾತ್ರಿ ಅದೇ ಹೊತ್ತಿಗೆ ಅಡ್ಡಿಯನ್ನೂ ಎದುರಿಸಿದ ಇನ್ನೊಂದು ಗುಂಪು ಸಹ ಶೇಕಡಾ 71ರಷ್ಟನ್ನು ಉಳಿಸಿಕೊಂಡಿತ್ತು. ಪರೀಕ್ಷೆಯ ಹೊತ್ತೇ ಎಲ್ಲಕ್ಕೂ ಕಾರಣವೆಂಬ ಆಕ್ಷೇಪಕ್ಕೆ ಇದು ಉತ್ತರ.

ಇಲ್ಲಿಗೆ ವಾದವು ಇತ್ಯರ್ಥವಾಯಿತೆಂದು ವಿದ್ಯಾರ್ಥಿಯು ಲೇಖನಿಯನ್ನು ಕೆಳಗಿಟ್ಟರೆ ಎಡವುವನು. 2020ರಲ್ಲಿ ಅಮೆರಿಕದ ಮತ್ತೊಂದು ತಂಡವು ಇದೇ ಕ್ರಮವನ್ನು ಅನುಸರಿಸಿ ಪ್ರಯೋಗವನ್ನು ಮತ್ತೆ ನಡೆಸಿತು. ಅಡ್ಡಿಯಿಂದಾದ ನಷ್ಟವು ಮಲಗಿದವರಿಗೂ ಎಚ್ಚರವಾಗಿದ್ದವರಿಗೂ ಬಹುಮಟ್ಟಿಗೆ ಒಂದೇ ಆಗಿ ಕಂಡುಬಂದಿತು; ನಿದ್ದೆಯು ಅಡ್ಡಿಯಿಂದ ರಕ್ಷಿಸುವುದೆಂಬ ಫಲಿತಾಂಶವನ್ನು ಪುನಃ ಪಡೆಯಲಾಗಲಿಲ್ಲ. ಮೊದಲಿನ ದೊಡ್ಡ ವ್ಯತ್ಯಾಸವು ಪ್ರತಿಗುಂಪಿನಲ್ಲಿದ್ದ ಕೆಲವೇ ಜನರ ಅಂಕಗಳನ್ನು ಅವಲಂಬಿಸಿತ್ತೆಂಬುದನ್ನು ನಾವು ಆಗ ಮತ್ತೆ ನೆನೆಯಬೇಕಾಗುವುದು.

ಹಾಗಾದರೆ ನಮ್ಮ ಗೋಷ್ಠಿಯ ತೀರ್ಪೇನು? ರಾತ್ರಿಯ ನಿದ್ದೆಯ ನಂತರ ನೆನಪು ಹಗಲಿನ ಎಚ್ಚರದ ನಂತರಕ್ಕಿಂತ ಹೆಚ್ಚಾಗಿ ಉಳಿದಿರುವುದೆಂಬುದು ಅನೇಕ ಪ್ರಯೋಗಗಳಲ್ಲಿ ಕಂಡ ಸಂಗತಿ. ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅವರ ಲೇಖನವು ಅಷ್ಟರ ಮಟ್ಟಿಗೆ ಇಂದಿಗೂ ನಿಲ್ಲುವುದು. ಆ ಉಳಿವಿಗೆ ಕಾರಣವು ಕಾಯುವಿಕೆಯೋ ಕಟ್ಟುವಿಕೆಯೋ ಎಂಬುದನ್ನು ಆ ಲೇಖನವು ನಿರ್ಣಯಿಸಲಾರದು. ನಿರ್ಣಯಿಸಲೆಂದೇ ರಚಿಸಿದ ಪ್ರಯೋಗವೂ ಎರಡು ಕೈಗಳಲ್ಲಿ ಎರಡು ಉತ್ತರಗಳನ್ನು ಕೊಟ್ಟಿದೆ. ನಿದ್ದೆಯ ಪಾತ್ರವನ್ನು ಕುರಿತ ಮುಂದಿನ ಲೇಖನವು ಕೈಗೆ ಬಂದಾಗ ವಾಚಕರು ಮೊದಲು ಹುಡುಕಬೇಕಾದುದು ಇದು: ಎಚ್ಚೆತ್ತ ಮೇಲೆ ಆ ನೆನಪಿಗೆ ಯಾವ ಪೆಟ್ಟು ಕೊಟ್ಟು ನೋಡಿದರು, ಮತ್ತು ಎಷ್ಟು ಜನರಲ್ಲಿ?