ಗದ್ದಲದ ನಡುವೆ ಒಂದು ಸಂದು

ನಮ್ಮ ಕಾಲೇಜಿನಲ್ಲಿ ಕಂಪನಿಗಳು ಬರುವುದಕ್ಕೆ ಮುಂಚೆ ಒಂದು ಅಭ್ಯಾಸದ ಜಿಡಿ ಇಟ್ಟಿದ್ದೆ. 10 ಮಂದಿ, ಎದೆಗೆ ನಂಬರು, 12 ನಿಮಿಷ. ವಿಷಯ: ಐಟಿ ಕಂಪನಿಗಳು ಬೆಂಗಳೂರು ಬಿಟ್ಟು ಹೊರಗೆ ಹೋಗಬೇಕೇ? ಸರ್ಕಾರದ ‘ಬಿಯಾಂಡ್ ಬೆಂಗಳೂರು’ ಯೋಜನೆ ಶುರುವಾದ ಮೇಲೆ ಇಂಥ ವಿಷಯವನ್ನು ಎಲ್ಲಿ ಬೇಕಾದರೂ ಕೇಳಬಹುದು. ಚರ್ಚೆ ನಡೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡ ಮಾಡಿದ್ದೇನೆ.

ಮೊದಲು ಲೆಕ್ಕ ನೋಡಿ. 12 ನಿಮಿಷವನ್ನು 10 ಮಂದಿ ಸಮನಾಗಿ ಹಂಚಿಕೊಂಡರೆ ತಲೆಗೆ ಬರುವುದು 72 ಸೆಕೆಂಡು. ಅಂದರೆ ಇಪ್ಪತ್ತು–ಮೂವತ್ತು ಸೆಕೆಂಡಿನ ಮೂರು ಮಾತು. ಭಾಷಣ ಬಾಯಿಪಾಠ ಮಾಡಿಕೊಂಡು ಬಂದವರು ಇಲ್ಲೇ ಎಡವುತ್ತಾರೆ. ಅವರ ಹತ್ತಿರ ಎರಡು ನಿಮಿಷದ ಸರಕಿರುತ್ತದೆ, ಅದನ್ನು ಇಡಲು ಜಾಗವಿರುವುದಿಲ್ಲ.

ಏಳನೇ ನಂಬರಿನ ಹುಡುಗಿ ನಾಲ್ಕು ನಿಮಿಷವಾದರೂ ಬಾಯಿ ಬಿಟ್ಟಿರಲಿಲ್ಲ. ಎರಡು ಸಲ ‘ಎಕ್ಸ್‌ಕ್ಯೂಸ್ ಮಿ’ ಅಂದಳು, ಯಾರಿಗೂ ಕೇಳಿಸಲಿಲ್ಲ. ಅನುಮತಿ ಕೇಳುವ ಮಾತಿಗೆ ಗದ್ದಲದಲ್ಲಿ ಕಿವಿಗೊಡುವವರಿಲ್ಲ, ಏಕೆಂದರೆ ಅದರಲ್ಲಿ ಚರ್ಚೆಗೆ ಬೇಕಾದದ್ದು ಏನೂ ಇಲ್ಲ. ಆಮೇಲೆ ಮೂರನೇ ನಂಬರಿನವನು, “ಹುಬ್ಬಳ್ಳಿಯಲ್ಲಿ ಬಾಡಿಗೆ ಎಷ್ಟೋ ಕಡಿಮೆ,” ಎಂದು ಹೇಳಿ ಉಸಿರೆಳೆದುಕೊಂಡ. ಆ ಸಂದಿನಲ್ಲಿ ಅವಳು ನುಗ್ಗಿದಳು: “ಬಾಡಿಗೆ ಕಡಿಮೆ ನಿಜ. ಆದರೆ ಕಂಪನಿ ಬಾಡಿಗೆಯೊಂದನ್ನೇ ನೋಡಲ್ಲ, ಅನುಭವ ಇರುವ ಎಂಜಿನಿಯರುಗಳು ಅಲ್ಲಿ ಸಿಗ್ತಾರಾ ಅಂತಾನೂ ನೋಡುತ್ತೆ.” ಮೂರನೆಯವನು ಸುಮ್ಮನಾದ. ತನ್ನದೇ ಪದ ಇನ್ನೊಬ್ಬರ ಬಾಯಲ್ಲಿ ಬಂದರೆ ಮಾತಾಡುತ್ತಿರುವವನು ಒಂದು ಕ್ಷಣ ಕೇಳಿಸಿಕೊಳ್ಳುತ್ತಾನೆ. ಒಳಗೆ ಬರುವವರಿಗೆ ಆ ಕ್ಷಣ ಸಾಕು. ಹಿಂದಿನವರ ಕೊನೆಯ ಪದ ಹಿಡಿದು ಹೊರಡಬೇಕು, ಮೊದಲ ನಾಲ್ಕು ಪದ ತುಸು ಗಟ್ಟಿಯಾಗಿರಬೇಕು, ಆಮೇಲೆ ದನಿ ಇಳಿಸಬಹುದು.

ಇಬ್ಬರು ಒಟ್ಟಿಗೆ ಶುರುಮಾಡಿದರೆ? “ನೀವು ಮುಗಿಸಿ, ಆಮೇಲೆ ನಾನು ಹೇಳ್ತೀನಿ,” ಎಂದು ಬಿಟ್ಟುಕೊಟ್ಟವರಿಗೆ ಸಾಮಾನ್ಯವಾಗಿ ಮುಂದಿನ ಸರದಿ ತಾನಾಗಿ ಬರುತ್ತದೆ. ಎಲ್ಲರ ಮುಂದೆ ಜಾಗ ಕಾದಿರಿಸಿದ ಹಾಗೆ ಅದು. ಆದರೆ ಹತ್ತೂ ಮಂದಿ ಕಿರುಚುತ್ತಿದ್ದರೆ ಈ ಯಾವ ಉಪಾಯವೂ ನಡೆಯದು.

ಭಿನ್ನಾಭಿಪ್ರಾಯದ ವಿಷಯಕ್ಕೆ ಬರೋಣ. “ಟ್ರಾಫಿಕ್ಕಿಗೆ ಪರಿಹಾರವೇ ಇಲ್ಲ, ಕಂಪನಿಗಳು ಹೋಗಲೇಬೇಕು,” ಎಂದ ಐದನೆಯವನು. ಎರಡನೆಯವನು ತಕ್ಷಣ, “ವಿತ್ ಡ್ಯೂ ರೆಸ್ಪೆಕ್ಟ್, ಐ ಡಿಸಗ್ರಿ,” ಎಂದ. ಎಲ್ಲ ಕೋಚಿಂಗಿನಲ್ಲೂ ಕಲಿಸುವ ಈ ವಾಕ್ಯ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಗೌರವ ಮಾತಿನಲ್ಲಿತ್ತು, ಐದನೆಯವನು ಹೇಳಿದ್ದು ಇವನಿಗೆ ಕೇಳಿಸಿತ್ತೆಂಬ ಗುರುತು ಎಲ್ಲೂ ಇರಲಿಲ್ಲ. ಐದನೆಯವನು ಅದನ್ನೇ ಇನ್ನಷ್ಟು ಜೋರಾಗಿ ಹೇಳಿದ. ಒಂದು ನಿಮಿಷ ಹೋಯಿತು.

ಆಗ ಒಂಬತ್ತನೆಯವಳು ಹೇಳಿದ್ದು ಹೀಗೆ: “ಟ್ರಾಫಿಕ್ಕಿನಲ್ಲಿ ದಿನವೂ ಹೊತ್ತು ಹಾಳಾಗುತ್ತೆ ಅನ್ನೋದನ್ನ ಒಪ್ತೀನಿ. ಅದಕ್ಕೆ ಇಡೀ ಕಂಪನಿಯೇ ಹೋಗಬೇಕಾ ಅನ್ನೋದು ನನ್ನ ಅನುಮಾನ. ತರಬೇತಿಯಂಥ ಕೆಲಸ ಹೊರಗಿರಬಹುದು, ಇನ್ಫೋಸಿಸ್ ಮೈಸೂರಿನಲ್ಲಿ ಅದನ್ನೇ ಮಾಡ್ತಿದೆ. ಎಲ್ಲ ತಂಡಕ್ಕೂ ಅದು ಹೊಂದುತ್ತಾ?” ಒಪ್ಪುವಷ್ಟನ್ನು ಮೊದಲು ಒಪ್ಪಿಕೊಂಡಳು, ಒಪ್ಪದ ತುಂಡನ್ನು ಬೇರೆ ಮಾಡಿ ತೋರಿಸಿದಳು, ಒಂದು ನಿಜವಾದ ಉದಾಹರಣೆ ಇಟ್ಟಳು, ಪ್ರಶ್ನೆಯಲ್ಲಿ ನಿಲ್ಲಿಸಿದಳು. ಐದನೆಯವನು ಸೋಲೊಪ್ಪಿಕೊಳ್ಳಬೇಕಾಗಿ ಬರಲಿಲ್ಲ. “ಸರಿ, ಹಾಗಾದರೆ ಯಾವ ಕೆಲಸ ಹೊರಗೆ ಹೋಗಬಹುದು?” ಎಂದು ಅವನೇ ಕೇಳಿದ. ಚರ್ಚೆ ಮುಂದೆ ಹೋಯಿತು.

ಕೊನೆಯ ನಿಮಿಷದಲ್ಲಿ ಸಾರಾಂಶಕ್ಕೆ ಪೈಪೋಟಿ. ಒಂದನೇ ನಂಬರಿನವನು, “ಕಂಪನಿಗಳು ಹೋಗಬೇಕು ಎಂದು ನಾವೆಲ್ಲ ಒಪ್ಪಿದ್ದೇವೆ,” ಎಂದು ಶುರುಮಾಡಿದ. ನಾಲ್ಕು ಮಂದಿ ಒಪ್ಪಿರಲಿಲ್ಲ, ಅವರ ಮುಖ ನೋಡಬೇಕಿತ್ತು. ತಾನು ಹೇಳಿದ್ದನ್ನೇ ಗುಂಪಿನ ತೀರ್ಮಾನವೆಂದು ಒಪ್ಪಿಸುವ ಈ ತಪ್ಪು ಬಹಳ ಸಾಮಾನ್ಯ, ಮೌಲ್ಯಮಾಪಕರಿಗೆ ಥಟ್ಟನೆ ಕಾಣಿಸುತ್ತದೆ. ಆರನೆಯವಳು ತಡೆದು ಸರಿಪಡಿಸಿದಳು: “ಟ್ರಾಫಿಕ್ಕು, ಬಾಡಿಗೆ ಎರಡೂ ಕಷ್ಟ ಅನ್ನೋದರಲ್ಲಿ ನಮ್ಮಲ್ಲಿ ತಕರಾರಿಲ್ಲ. ಪೂರ್ತಿ ಹೋಗಬೇಕು ಅಂತ ಕೆಲವರು, ಆಯ್ದ ಕೆಲಸ ಮಾತ್ರ ಅಂತ ಕೆಲವರು. ಬೇಕಾದ ಎಂಜಿನಿಯರುಗಳು ಅಲ್ಲಿ ಸಿಗ್ತಾರಾ ಅನ್ನೋದು ಇನ್ನೂ ಬಗೆಹರಿದಿಲ್ಲ.” ಇಪ್ಪತ್ತು ಸೆಕೆಂಡಿನ ಮಾತು. ಹೊಸ ವಾದ ಒಂದೂ ಇಲ್ಲ, ಬಗೆಹರಿಯದ್ದನ್ನು ಮುಚ್ಚಿಡಲೂ ಇಲ್ಲ.

ಇಡೀ ಚರ್ಚೆ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಎಲ್ಲರಿಗೂ ಅದನ್ನು ಕಳಿಸಿ ಮೂರು ಲೆಕ್ಕ ಬರೆದುಕೊಂಡು ಬನ್ನಿ ಎಂದೆ: ಎಷ್ಟು ಸಲ ಮಾತಾಡಿದಿರಿ, ಒಟ್ಟು ಎಷ್ಟು ಸೆಕೆಂಡು, ಅದರಲ್ಲಿ ಎಷ್ಟು ಸಲ ಹಿಂದಿನವರ ಮಾತು ಹಿಡಿದು ಹೊರಟಿರಿ. ಏಳನೆಯವಳದು ಮೂರು ಸಲ, 58 ಸೆಕೆಂಡು, ಮೂರು. ಒಂದನೆಯವನದು ನಾಲ್ಕು ಸಲ, 160 ಸೆಕೆಂಡು, ಸೊನ್ನೆ. ಅವನು ಚೀಟಿ ಕೊಡುತ್ತಾ, “ಸರ್, ಎರಡು ಸಲ ಕೇಳಿದೆ, ಸೊನ್ನೆಯೇ,” ಎಂದ.