ಪೇಪರಿನ ಬಾಡಿಗೆ ಮನೆ ಜಾಹೀರಾತು: ಊರು ಬಿಡುವ ಮೊದಲೇ ಫೋನಿನಲ್ಲಿ ಕೇಳಬೇಕಾದ ಪ್ರಶ್ನೆಗಳು



ಹಲವಾಗಲು ಮತ್ತು ಸುತ್ತಲ ಹಳ್ಳಿಗಳಿಂದ ಮಕ್ಕಳನ್ನು ಓದಿಸಲು ದಾವಣಗೆರೆಯಲ್ಲಿ ಮನೆ ಮಾಡುವವರು ನಮ್ಮ ಸಂಘಗಳಲ್ಲಿ ಇದ್ದಾರೆ. ಹಾಸ್ಟೆಲ್ ಸೀಟು ಸಿಗದಿದ್ದಾಗ ಅಜ್ಜಿಯನ್ನು ಜೊತೆಗಿಟ್ಟು ಮಕ್ಕಳಿಗೆ ಒಂದು ಸಣ್ಣ ಬಾಡಿಗೆ ಮನೆ ಹುಡುಕುತ್ತೇವೆ. ಪಂಚಾಯ್ತಿ ಗ್ರಂಥಾಲಯದಲ್ಲೋ ಚಹಾದಂಗಡಿಯಲ್ಲೋ ದಾವಣಗೆರೆ ಪೇಪರ್ ಕಂಡರೆ 'ಮನೆ ಬಾಡಿಗೆಗೆ ಇದೆ' ಎಂಬ ಕಾಲಂನ ಫೋಟೋ ಮೊಬೈಲಿನಲ್ಲಿ ಹೊಡ್ಕೊಂಡು ಬರ್ತೇವೆ. ಆಮೇಲೆ ಏನು ಮಾಡೋದು? ಹನ್ನೆರಡು ಮನೆಗಳನ್ನೂ ಹೋಗಿ ನೋಡಿದರೆ ಮೂರ್ನಾಲ್ಕು ದಿನದ ಕೂಲಿ ಹೋಯಿತು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡು ಉಳಿಯಬಹುದು, ಆದರೆ ದಿನ ಉಳಿಯುವುದಿಲ್ಲ. ಹಾಗಾಗಿ ಹನ್ನೆರಡನ್ನು ಮೂರಕ್ಕೆ ಇಳಿಸುವ ಕೆಲಸ ಊರಲ್ಲೇ, ಫೋನಿನಲ್ಲೇ ಆಗಬೇಕು.

ಇದಕ್ಕೆ ನಾವು ಪಾಲಿಸುವ ನಿಯಮ ಒಂದೇ. ಯಾವ ಪ್ರಶ್ನೆಯ ಉತ್ತರದಿಂದ ಆ ಮನೆ ನಮಗೆ ಆಗುವುದಿಲ್ಲ ಎಂದು ಗೊತ್ತಾಗುತ್ತದೋ ಆ ಪ್ರಶ್ನೆಯನ್ನು ಮೊದಲು ಕೇಳಬೇಕು. ಅಡುಗೆಮನೆ ಕಟ್ಟೆ ಹೇಗಿದೆ, ಬಣ್ಣ ಯಾವುದು ಎನ್ನುವುದನ್ನು ಹೋದಾಗ ನೋಡಿದರಾಯಿತು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ತಾಯಿಗೆ ಕಾಲೇಜಿಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು. ಜೊತೆಗೆ ಮೊಣಕಾಲು ನೋವಿರುವ ಅಜ್ಜಿ ಇರುತ್ತಾರೆ. ಎಲ್ಲ ಸೇರಿ ತಿಂಗಳಿಗೆ 6,000 ರೂಪಾಯಿ ದಾಟಬಾರದು. ಅಡ್ವಾನ್ಸ್ ಹಣವನ್ನು ಸಂಘದ ಸಾಲದಿಂದ ತೆಗೆಯಬೇಕು, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ.

ಮೊದಲು ಫೋಟೋ ಸರಿಯಾಗಿರಲಿ

ಪೇಪರನ್ನು ಮೇಜಿನ ಮೇಲೆ ಮಡಿಕೆ ಇಲ್ಲದಂತೆ ಹರಡಿ, ಬೆಳಕಿನಲ್ಲಿ ನೇರವಾಗಿ ಮೇಲಿನಿಂದ ಫೋಟೋ ತೆಗೆಯಿರಿ. ಪೇಪರಿನ ತಾರೀಖು ಇರುವ ಮೇಲ್ತುದಿಯದ್ದೂ ಒಂದು ಫೋಟೋ ಇರಲಿ. ತಾರೀಖು ಇಲ್ಲದ ಫೋಟೋ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ, ತಿಂಗಳ ಹಿಂದೆಯೇ ಬಾಡಿಗೆಗೆ ಹೋದ ಮನೆಗೆ ಇವತ್ತು ಫೋನ್ ಮಾಡುವಂತಾಗುತ್ತದೆ.

ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿ, ಒಂದೊಂದು ಜಾಹೀರಾತನ್ನು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲಿಗೆ ಬರೆಯಿರಿ. ಫೋನ್ ನಂಬರಿಗೆ ಹತ್ತು ಅಂಕಿ ಇದೆಯೇ ಎಣಿಸಿ. ಮಸುಕಾದ ಫೋಟೋದಲ್ಲಿ 3 ಮತ್ತು 8, 1 ಮತ್ತು 7 ಒಂದೇ ಥರ ಕಾಣುತ್ತವೆ. ಹೀಗೆ ಬರೆಯುವಾಗ ಇನ್ನೊಂದು ಸಂಗತಿ ತಿಳಿಯುತ್ತದೆ. ಒಂದೇ ನಂಬರು ಎರಡು ಮೂರು ಬೇರೆ ಬೇರೆ ಬಡಾವಣೆಯ ಮನೆಗಳಿಗೆ ಇದ್ದರೆ ಅದು ಮಾಲೀಕರದ್ದಲ್ಲ, ದಲ್ಲಾಳಿಯದ್ದು ಇರಬಹುದು. ಅದರ ಮುಂದೆ 'ದ' ಎಂದು ಗುರುತು ಹಾಕಿ.

ಓದುವಾಗಲೇ ಕೆಲವನ್ನು ಹೊಡೆದು ಹಾಕಬಹುದು. 'ಲೀಸ್‌ಗೆ' ಎಂದರೆ ತಿಂಗಳ ಬಾಡಿಗೆ ಇಲ್ಲ, ಲಕ್ಷಗಟ್ಟಲೆ ಹಣ ಒಂದೇ ಸಲ ಕೊಟ್ಟು ಇರಬೇಕು. ಇದನ್ನೇ ನಾವು ಭೋಗ್ಯ ಅಂತೀವಿ. ನಮ್ಮ ತಾಯಿಗೆ ಅದು ಆಗದು. 'ಎರಡನೇ ಮಹಡಿ' ಅಜ್ಜಿಗೆ ಆಗದು. 'ಬ್ಯಾಚುಲರ್ಸ್‌ಗೆ' ಎಂದರೆ ಒಂಟಿ ಗಂಡಸರಿಗೆಂದೇ ಸಾಮಾನ್ಯ ಅರ್ಥ. ಹೀಗೆ ಹನ್ನೆರಡರಲ್ಲಿ ಐದು ಹೋದವು, ಏಳು ಉಳಿದವು. ಇನ್ನು ಫೋನ್.

ಪ್ರಶ್ನೆ ಒಂದು: ಮನೆ ಇನ್ನೂ ಖಾಲಿ ಇದೆಯೇ? ತಾವೇ ಮಾಲೀಕರೇ?

"ನಮಸ್ಕಾರ ಸಾರ್, ಇಂಥ ತಾರೀಖಿನ ಪೇಪರಿನಲ್ಲಿ ನಿಮ್ಮ ಮನೆ ಜಾಹೀರಾತು ನೋಡಿದ್ವಿ, ಮನೆ ಇನ್ನೂ ಖಾಲಿ ಐತಾ? ತಾವೇ ಓನರಾ?" ಎಂದು ಶುರು ಮಾಡಿ. ದಲ್ಲಾಳಿ ಎಂದಾದರೆ ಅವರ ಕಮಿಷನ್ ಎಷ್ಟು ಎಂದು ಆಗಲೇ ಕೇಳಿ. ಒಂದು ತಿಂಗಳ ಬಾಡಿಗೆ ಕೇಳುವುದು ರೂಢಿ. ಮನೆ ಯಾವ ತಾರೀಖಿಗೆ ಕೈಗೆ ಸಿಗುತ್ತದೆ ಎನ್ನುವುದನ್ನೂ ಕೇಳಿ. ಕಾಲೇಜು ಶುರುವಾಗಿ ತಿಂಗಳಾದ ಮೇಲೆ ಸಿಗುವ ಮನೆ ನಮಗೆ ಉಪಯೋಗವಿಲ್ಲ.

"ಬಹಳ ಜನ ಕೇಳ್ತಿದಾರೆ, ಈಗಲೇ 2,000 ಫೋನ್‌ಪೇ ಮಾಡಿಬಿಡಿ, ನಿಮಗೇ ಇಟ್ಟಿರ್ತೀವಿ" ಎಂದರೆ ಆ ಸಾಲನ್ನು ಹೊಡೆದು ಹಾಕಿ. ಮನೆ ನೋಡದೆ, ಮಾಲೀಕರನ್ನು ನೋಡದೆ ಒಂದು ರೂಪಾಯಿಯೂ ಕೊಡಬೇಡಿ. ಯಾರಾದರೂ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ದೂರು ಕೊಡುವ ನಂಬರು.

ಪ್ರಶ್ನೆ ಎರಡು: ನಾವು ಇಂಥವರು, ನಮಗೆ ಕೊಡ್ತೀರಾ?

ಈ ಮಾತು ಕೇಳಲು ಸಂಕೋಚ, ಕೆಲವೊಮ್ಮೆ ನೋವೂ ಆಗುತ್ತದೆ. ಆದರೂ ಎರಡನೆಯದಾಗಿಯೇ ಕೇಳಿ. "ಒಬ್ಬರು ಅಜ್ಜಿ, ಇಬ್ಬರು ಕಾಲೇಜು ಹುಡುಗಿಯರು ಇರ್ತಾರೆ. ನಾನು ಹದಿನೈದು ದಿನಕ್ಕೊಮ್ಮೆ ಬಂದು ಹೋಗ್ತೀನಿ. ನಾವು ಮಾಂಸ, ಮೊಟ್ಟೆ ತಿನ್ನೋರು. ತೊಂದರೆ ಇಲ್ಲ ತಾನೆ?" ಎಂದು ಇದ್ದುದನ್ನು ಇದ್ದಂತೆ ಹೇಳಿ. 'ಸಸ್ಯಾಹಾರಿಗಳಿಗೆ ಆದ್ಯತೆ' ಎಂದು ಅಚ್ಚಾಗದ ಮನೆಯಲ್ಲೂ ಈ ನಿರ್ಬಂಧ ಇರುತ್ತದೆ. ಕೆಲವರು ಜಾತಿ, ಧರ್ಮವನ್ನೂ ಕೇಳುತ್ತಾರೆ. ಹಾಗೆ ಕೇಳುವುದು ಸರಿಯಲ್ಲ. ಆದರೆ ಮುಚ್ಚಿಟ್ಟು ಸಾಮಾನು ಇಳಿಸಿದ ಮೇಲೆ "ಖಾಲಿ ಮಾಡಿ" ಎನ್ನಿಸಿಕೊಂಡರೆ, ಪರೀಕ್ಷೆ ಹೊತ್ತಿನಲ್ಲಿ ಬೀದಿಗೆ ಬೀಳುವವರು ನಮ್ಮ ಮಕ್ಕಳು. ಬೇಡ ಎನ್ನುವವರು ಫೋನಿನಲ್ಲೇ ಬೇಡ ಎಂದರೆ ನಮ್ಮ ಒಂದು ದಿನ ಉಳಿಯಿತು.

ಪ್ರಶ್ನೆ ಮೂರು: ಬಾಡಿಗೆಯ ಜೊತೆಗೆ ಇನ್ನೇನೇನು?

ಜಾಹೀರಾತಿನಲ್ಲಿ ಬಾಡಿಗೆ ಮಾತ್ರ ಇರುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ನಾಲ್ಕು ವಿಷಯ ಬಿಡಿಬಿಡಿಯಾಗಿ ಕೇಳಿ: ಅಡ್ವಾನ್ಸ್ ಎಷ್ಟು, ನೀರು ಮತ್ತು ಮೇಂಟೆನೆನ್ಸ್‌ಗೆ ಬೇರೆ ಕೊಡಬೇಕೇ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಬಣ್ಣಕ್ಕೆಂದು ಎಷ್ಟು ಹಿಡಿಯುತ್ತೀರಿ, ಉಳಿದದ್ದನ್ನು ಯಾವಾಗ ಕೊಡುತ್ತೀರಿ.

ನಮ್ಮ ತಾಯಿಗೆ ಎರಡು ಮನೆ ಸಿಕ್ಕವು ಎನ್ನೋಣ. ಒಂದನೆಯದು ಬಾಡಿಗೆ 5,000, ಅಡ್ವಾನ್ಸ್ 50,000. ನೀರಿಗೆ 300 ಬೇರೆ. ಬಿಡುವಾಗ ಒಂದು ತಿಂಗಳ ಬಾಡಿಗೆ ಬಣ್ಣಕ್ಕೆ ಹಿಡಿಯುತ್ತಾರೆ. ಎರಡನೆಯದು ಬಾಡಿಗೆ 5,500, ಅಡ್ವಾನ್ಸ್ 20,000. ನೀರು ಬಾಡಿಗೆಯಲ್ಲೇ ಸೇರಿದೆ, ಬಣ್ಣಕ್ಕೆ ಹಿಡಿಯುವುದಿಲ್ಲ.

ಪೇಪರಿನಲ್ಲಿ ಮೊದಲನೆಯದೇ ಅಗ್ಗ. ಲೆಕ್ಕ ಹಾಕಿ ನೋಡಿ. 50,000ಕ್ಕೆ ಸಂಘದ ಬಡ್ಡಿ ತಿಂಗಳಿಗೆ 500. ಬಾಡಿಗೆ, ಬಡ್ಡಿ, ನೀರು ಸೇರಿ 5,800 ಆಯಿತು. ಬಣ್ಣದ 5,000ವನ್ನು ಎರಡು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 208. ಒಟ್ಟು 6,008. ಎರಡನೆಯದಕ್ಕೆ ಬಾಡಿಗೆ 5,500, ಬಡ್ಡಿ 200, ಒಟ್ಟು 5,700. ದುಬಾರಿ ಎಂದು ಕಂಡ ಮನೆಯೇ ತಿಂಗಳಿಗೆ ಸುಮಾರು 300 ರೂಪಾಯಿ ಅಗ್ಗ! ಸಾಲದ ಅಸಲು ತೀರುತ್ತಾ ಬಂದಂತೆ ಬಡ್ಡಿ ಇಳಿಯುತ್ತದೆ ನಿಜ. ಆದರೆ 50,000 ಸಾಲದ ಕಂತು ಕಟ್ಟುವವರೂ ನಾವೇ, ಆ ಹಣ ಮಾಲೀಕರ ಕೈಯಲ್ಲಿ ಬಡ್ಡಿಯಿಲ್ಲದೆ ಇರುತ್ತದೆ.

ಪ್ರಶ್ನೆ ನಾಲ್ಕು: ನೀರು ಎಂಥದು? ಕರೆಂಟು ಮೀಟರು ಬೇರೆಯೇ?

'ನೀರಿನ ಸೌಲಭ್ಯವಿದೆ' ಎಂದಷ್ಟೇ ಅಚ್ಚಾಗಿರುತ್ತದೆ. ಕಾರ್ಪೊರೇಷನ್ ನಲ್ಲಿ ಇದೆಯೇ, ಬೋರ್ ನೀರು ಮಾತ್ರವೇ? ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ತುಂಬಿಡಲು ಸಂಪು ಇದೆಯೇ, ಮೋಟಾರ್ ಹಾಕುವವರು ಯಾರು? "ನೀರಿಗೇನೂ ತೊಂದರೆ ಇಲ್ಲಮ್ಮ" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ. "ಹೋದ ಬೇಸಿಗೇಲಿ ಬೋರು ಬತ್ತಿತ್ತಾ? ಟ್ಯಾಂಕರ್ ತರ್ಸಿದ್ರಾ? ದುಡ್ಡು ಯಾರು ಕೊಟ್ರು?" ಎಂದು ಕೇಳಿ.

ಮೀಟರಿನ ಪ್ರಶ್ನೆ ಬಹಳ ಮುಖ್ಯ. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಎರಡು ಮನೆಗೆ ಒಂದೇ ಮೀಟರ್ ಇದ್ದರೆ ಇಬ್ಬರ ಬಳಕೆ ಸೇರಿ ಬೇಗ 200 ದಾಟುತ್ತದೆ. ನಮ್ಮ ಹುಡುಗಿಯರು ಎರಡು ದೀಪ, ಒಂದು ಫ್ಯಾನು ಹಾಕಿದರೂ ದೊಡ್ಡ ಬಿಲ್ಲಿನಲ್ಲಿ ಪಾಲು ಕೊಡಬೇಕಾಗುತ್ತದೆ. ಬೇರೆ ಮೀಟರ್ ಇದ್ದರೆ ಅದಕ್ಕೆ ಹಿಂದೆ ಇದ್ದವರ ಆಧಾರ್ ಜೋಡಣೆಯಾಗಿದೆಯೇ, ಅದನ್ನು ಬಿಡಿಸಿ ನಮ್ಮದನ್ನು ಜೋಡಿಸಲು ಆರ್.ಆರ್. ನಂಬರ್ ಕೊಡುತ್ತಾರೆಯೇ ಎಂದು ಕೇಳಿ. ಅಂಗಡಿ ಮೀಟರಿನಿಂದ ಮನೆಗೆ ಕರೆಂಟು ಎಳೆದಿದ್ದರೆ ಈ ಯೋಜನೆ ಅನ್ವಯಿಸುವುದಿಲ್ಲ.

ಪ್ರಶ್ನೆ ಐದು: ಕರಾರುಪತ್ರ ಮಾಡಿಕೊಡ್ತೀರಾ?

ಕರಾರನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಸಬ್ ರಿಜಿಸ್ಟ್ರಾರ್ ಕಛೇರಿಯಲ್ಲಿ ನೋಂದಾಯಿಸಬೇಕು ಎಂಬ ಕಾನೂನು ಇರುವುದರಿಂದ ಈ ರೂಢಿ. ನೀವು ಕೇಳಬೇಕಾದದ್ದು ಇಷ್ಟು: 11 ತಿಂಗಳಾದ ಮೇಲೆ ಬಾಡಿಗೆ ಎಷ್ಟು ಏರಿಸುತ್ತೀರಿ? ಮನೆ ಬಿಡಲು ಎಷ್ಟು ತಿಂಗಳು ಮುಂಚೆ ಹೇಳಬೇಕು? ಅಡ್ವಾನ್ಸ್ ಮೊತ್ತವನ್ನು ಕರಾರಿನಲ್ಲಿ ಪೂರ್ತಿ ಬರೆಯುತ್ತೀರಾ? "ಅದೆಲ್ಲ ಯಾಕಮ್ಮ, ನಂಬಿಕೆ ಇಲ್ವಾ?" ಎಂದರೆ, "ಸಾರ್, ಇದು ಸಂಘದ ಸಾಲ, ಪುಸ್ತಕದಲ್ಲಿ ತೋರಿಸ್ಬೇಕು" ಎಂದು ಹೇಳಿ. ಅದು ಸುಳ್ಳೂ ಅಲ್ಲ. ಆದರೂ ಒಪ್ಪದ ಮಾಲೀಕರಿಗೆ ಸಂಘದ ದುಡ್ಡು ಕೊಡಬಾರದು.

ಮೂರು ಮನೆ, ಒಂದು ದಿನ

ಒಂದೊಂದು ಫೋನು ಐದು ನಿಮಿಷ ಸಾಕು. ಉತ್ತರವನ್ನು ಆಗಲೇ ಆ ಸಾಲಿನಲ್ಲಿ ಬರೆಯಿರಿ, ಮರುದಿನಕ್ಕೆ ಯಾವುದು ಯಾರ ಮನೆ ಎಂದು ನೆನಪಿರುವುದಿಲ್ಲ. ಏಳರಲ್ಲಿ ಒಂದು ಆಗಲೇ ಬಾಡಿಗೆಗೆ ಹೋಗಿತ್ತು. ಒಬ್ಬರು ಮಾಂಸಾಹಾರ ಬೇಡ ಎಂದರು. ಒಂದು ಮನೆಗೆ ಬೇರೆ ಮೀಟರ್ ಇರಲಿಲ್ಲ. 50,000 ಅಡ್ವಾನ್ಸಿನ ಮನೆ ಲೆಕ್ಕದಲ್ಲಿ 6,000 ದಾಟಿತು. ಉಳಿದದ್ದು ಮೂರು.

ಈ ಮೂವರಿಗೂ ಹಿಂದಿನ ದಿನ ಮತ್ತೆ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಿ. ಅಜ್ಜಿಯನ್ನೂ ಮಗಳನ್ನೂ ಕರೆದೊಯ್ಯಿರಿ. ಫೋನಿನಲ್ಲಿ ಬಂದ ಉತ್ತರವನ್ನು ಅಲ್ಲಿ ಪರೀಕ್ಷಿಸಿ: ನಲ್ಲಿ ತಿರುಗಿಸಿ ನೋಡಿ, ಮೀಟರ್ ಬೋರ್ಡ್ ನೋಡಿ, ಶೌಚಾಲಯ ಮನೆಯೊಳಗೇ ಇದೆಯೇ ನೋಡಿ, ಬಸ್ ಸ್ಟಾಪಿನಿಂದ ಮನೆಗೆ ಅಜ್ಜಿಯ ಜೊತೆ ನಡೆದು ನೋಡಿ. ಪಕ್ಕದ ಮನೆಯವರನ್ನು "ಅಕ್ಕಾರೆ, ಇಲ್ಲಿ ಮೊದ್ಲು ಇದ್ದೋರು ಯಾಕ್ ಬಿಟ್ರು?" ಎಂದು ಕೇಳಿ. ಈ ಒಂದು ಪ್ರಶ್ನೆಯನ್ನು ಮಾತ್ರ ಮಾಲೀಕರಿಗೆ ಫೋನಿನಲ್ಲಿ ಕೇಳಿ ಪ್ರಯೋಜನವಿಲ್ಲ.

ನಿಮ್ಮ ನೋಟ್‌ಬುಕ್ಕಿನ ಆ ಪುಟವನ್ನು ಹರಿದು ಹಾಕಬೇಡಿ. ಮುಂದಿನ ಸಂಘದ ಸಭೆಗೆ ತನ್ನಿ. ಇವತ್ತು ನಿಮಗೆ ಮೆಟ್ಟಿಲಿನಿಂದಾಗಿ ಆಗದ ಮನೆ, ಅಜ್ಜಿ ಇಲ್ಲದ ಇನ್ನೊಬ್ಬ ಸದಸ್ಯೆಯ ಮಕ್ಕಳಿಗೆ ಆಗಬಹುದು.