ಉಪ್ಪಿನ ಪದರಕ್ಕೆ ಅಳತೆಗೋಲು

ಅಡುಗೆಮನೆಯ ಕಲ್ಲುಪ್ಪನ್ನು ನುಣ್ಣಗೆ ಅರೆದು, ನಾಣ್ಯದಗಲದ ಗುಳಿಗೆ ತುಂಬಿ, ಗಾಜಿನ ಚೂರಿನಿಂದ ಮಟ್ಟ ಮಾಡುತ್ತಾರೆ. ಅದರ ಮೇಲೆ ತಾಮ್ರದ ಟ್ಯೂಬಿನಿಂದ ಹೊರಟ ಎಕ್ಸ್-ಕಿರಣ ಬೀಳುತ್ತದೆ. ಎದುರಿನ ಡಿಟೆಕ್ಟರ್ ಇಂಚಿಂಚಾಗಿ ಮೇಲೇರುತ್ತದೆ. 27 ಡಿಗ್ರಿ ದಾಟಿದಾಗ ಪರದೆಯ ಮೇಲೆ ಸಣ್ಣದೊಂದು ದಿಬ್ಬ, 31.70ಕ್ಕೆ ಬಂದಾಗ ಗೆರೆ ಒಮ್ಮೆಲೇ ಗೋಪುರದಂತೆ ಎದ್ದು, ಅಷ್ಟೇ ಬೇಗ ಇಳಿಯುತ್ತದೆ.

ಆ ಒಂದೇ ಕೋನಕ್ಕೆ ಏಕೆ? ಹರಳಿನಲ್ಲಿ ಪರಮಾಣುಗಳು ಪದರಪದರವಾಗಿ ಕೂತಿವೆ. ಎರಡನೆಯ ಪದರಕ್ಕೆ ತಾಗಿ ಮರಳುವ ಅಲೆ, ಮೇಲಿನದಕ್ಕೆ ತಾಗಿದ್ದಕ್ಕಿಂತ ತುಸು ಹೆಚ್ಚು ದೂರ ಹೋಗಿಬರಬೇಕು. ಆ ಹೆಚ್ಚಿನ ನಡಿಗೆ ಸರಿಯಾಗಿ ಒಂದು ತರಂಗದೂರವೋ ಎರಡೋ ಮೂರೋ ಆದರೆ ಎರಡೂ ಅಲೆಗಳು ಹೆಜ್ಜೆ ಕೂಡಿಸುತ್ತವೆ. ಇಲ್ಲವಾದರೆ ಸಾವಿರಾರು ಪದರಗಳ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. 1912ರಲ್ಲಿ ಕೇಂಬ್ರಿಜ್‌ನ ಲಾರೆನ್ಸ್ ಬ್ರ್ಯಾಗ್ ಇದನ್ನು ಒಂದೇ ಸಾಲಿಗೆ ಇಳಿಸಿದಾಗ ಅವನಿಗೆ ಇಪ್ಪತ್ತೆರಡು ವರ್ಷ:

nλ = 2d sin θ

λ ತರಂಗದೂರ, n ಹೆಚ್ಚಿನ ನಡಿಗೆಯಲ್ಲಿ ಅವು ಎಷ್ಟು ಎಂಬುದು, d ಪದರಗಳ ನಡುವಿನ ಅಂತರ, θ ಪದರಕ್ಕೂ ಕಿರಣಕ್ಕೂ ನಡುವಿನ ಕೋನ. ಎಡವುವುದು ಈ θದಲ್ಲೇ. ಯಂತ್ರ ತೋರಿಸುವ 31.70 ಬಂದ ಕಿರಣದ ನೇರ ದಿಕ್ಕಿಗೂ ಮರಳಿದ ಕಿರಣಕ್ಕೂ ನಡುವಿನ ಕೋನ, ಅಂದರೆ 2θ. ಅದರ ಅರ್ಧ 15.85ರ ಸೈನ್ ಬೆಲೆ 0.2731. ತಾಮ್ರದ ಕಿರಣದ ತರಂಗದೂರ 1.5406 ಆಂಗ್‌ಸ್ಟ್ರಾಂ, ಅದನ್ನು ಸೈನ್ ಬೆಲೆಯ ಎರಡರಷ್ಟರಿಂದ ಭಾಗಿಸಿದರೆ 2.82 ಆಂಗ್‌ಸ್ಟ್ರಾಂ. ಸೋಡಿಯಂ, ಕ್ಲೋರಿನ್ ಅಕ್ಕಪಕ್ಕ ಕೂತಾಗ ನಡುವೆ ಇರುವ ದೂರವೇ ಅದು. ಅರ್ಧ ಮಾಡಲು ಮರೆತರೆ 1.47 ಬರುತ್ತದೆ, ಅಷ್ಟು ಇಕ್ಕಟ್ಟಿನಲ್ಲಿ ಕ್ಲೋರಿನ್ ಅಯಾನು ಕಾಲು ಚಾಚಲೂ ಆಗದು. ಉತ್ತರವೇ ತನ್ನ ತಪ್ಪನ್ನು ಹೇಳಿಬಿಡುತ್ತದೆ.

ಇನ್ನೊಂದು ತಪ್ಪು ಹೀಗೆ ಬಾಯಿಬಿಡುವುದಿಲ್ಲ. ಪುಡಿ ಗುಳಿಯ ಅಂಚಿಗಿಂತ ಬರೀ 0.1 ಮಿಲಿಮೀಟರ್ ಉಬ್ಬಿದೆ ಎನ್ನಿ, ಒಂದು ಕೂದಲೆಳೆಯಷ್ಟು. ಮಾದರಿಯಿಂದ ಡಿಟೆಕ್ಟರಿಗೆ 240 ಮಿಲಿಮೀಟರ್ ಇರುವ ಯಂತ್ರದಲ್ಲಿ ಗೋಪುರ 31.75ರ ಹತ್ತಿರಕ್ಕೆ ಸರಿದು, ಪದರದ ಅಂತರ 2.816 ಎಂದು ಬರುತ್ತದೆ. ನೋಡಲು ಏನೂ ಕೊರತೆಯಿಲ್ಲದ ಅಂಕಿ! ಇದನ್ನು ಹಿಡಿಯಲು ಅದೇ ಪದರಗಳು 66 ಡಿಗ್ರಿಯ ಬಳಿ ಮತ್ತೊಮ್ಮೆ ಎಬ್ಬಿಸುವ ಗೋಪುರವನ್ನು ಹುಡುಕಬೇಕು. ಅಲ್ಲಿ ಹೆಚ್ಚಿನ ನಡಿಗೆ ಎರಡು ತರಂಗದೂರ, ಹಾಗಾಗಿ n ಎಂದರೆ 2. ಅದೇ ಉಬ್ಬಿದ ಪುಡಿ ಅಲ್ಲಿ 2.8185 ಎನ್ನುತ್ತದೆ. ಕೋನ ಹಿರಿದಾದಷ್ಟೂ ತಪ್ಪು ಕಿರಿದಾಗುವುದರಿಂದ ಈ ಎರಡು ಉತ್ತರ ಹೊಂದುವುದಿಲ್ಲ. ಒಂದೇ ಪದರಕ್ಕೆ ಎರಡು ಅಂತರ ಇರಲಾರದಷ್ಟೆ.

ಪಳಗಿದವರು ಅದಕ್ಕೇ ಉಪ್ಪಿಗೆ ಚಿಟಿಕೆ ಸಿಲಿಕಾನ್ ಪುಡಿ ಬೆರೆಸುತ್ತಾರೆ. ಅದರ ಮೊದಲ ಗೋಪುರ ಏಳಬೇಕಾದ್ದು 28.44ರಲ್ಲಿ. 28.49ರಲ್ಲಿ ಎದ್ದರೆ, ಪಕ್ಕದಲ್ಲೇ ಇರುವ ಉಪ್ಪಿನ ಗೋಪುರದಿಂದಲೂ ಆ 0.05 ಕಳೆದು ಲೆಕ್ಕ ಹಾಕುತ್ತಾರೆ.